ಗ್ಯಾಜೆಟ್ ಹೊಗಳುವ ಮುನ್ನ ಬರೆಯಬೇಕಾದ ಎರಡು ಸಾಲು

ಐದಾರು ವರ್ಷಗಳ ಹಿಂದೆ ಮೊಬೈಲ್ ಕಂಪನಿಗಳು ದುಡ್ಡು ಕೊಟ್ಟು ವಿಡಿಯೊ ಮಾಡಿಸುತ್ತಿದ್ದುದು ಬೆಂಗಳೂರಿನ ದೊಡ್ಡ ಯೂಟ್ಯೂಬ್ ಚಾನೆಲ್‌ಗಳ ಬಳಿ. ಈಗ ಹಾಸನ, ಚಿಕ್ಕಮಗಳೂರು, ಸಕಲೇಶಪುರದ ಸಣ್ಣ ಖಾತೆಗಳಿಗೂ ಇಂಥ ಸಂದೇಶ ಬರುತ್ತದೆ. ಹತ್ತು ಹದಿನೈದು ಸಾವಿರ ಜನ ನೋಡುವ, ಕನ್ನಡದಲ್ಲಿ ಮಾತನಾಡುವ, ಊರಿನವರಿಗೆ ಪರಿಚಿತ ಮುಖವಾಗಿರುವ ಒಬ್ಬರು ಇಯರ್‌ಬಡ್ ಅಥವಾ ಸ್ಮಾರ್ಟ್‌ವಾಚ್ ಚೆನ್ನಾಗಿದೆ ಎಂದರೆ ಜನ ನಂಬುತ್ತಾರೆ ಎಂಬುದು ಕಂಪನಿಗಳಿಗೆ ಗೊತ್ತಾಗಿದೆ. ಆ ನಂಬಿಕೆಗೆ ಹಣ ಸಂದಾಯವಾಗಿದ್ದರೆ ಅದನ್ನು ನೋಡುಗರಿಗೆ ಹೇಳಬೇಕು ಎನ್ನುವ ನಿಯಮ ನಮ್ಮ ದೇಶದಲ್ಲಿದೆ. ಯಾವ ಪದದಲ್ಲಿ, ಎಲ್ಲಿ, ಎಷ್ಟು ಹೇಳಬೇಕು ಎಂಬಲ್ಲಿಯೇ ಹೆಚ್ಚಿನವರು ಎಡವುತ್ತಾರೆ.

ಹಾಗಾಗಿ ಒಂದೇ ಒಂದು ಕ್ಯಾಪ್ಷನ್ ಹಿಡಿದು ಅದನ್ನು ಸಾಲು ಸಾಲಾಗಿ ನೋಡೋಣ. ಕ್ಯಾಪ್ಷನ್ ಎಂದರೆ ಫೋಟೊ ಅಥವಾ ರೀಲ್‌ನ ಜೊತೆಗೆ ಬರೆಯುವ ಒಕ್ಕಣೆ.

ಏಕೆ ಹೇಳಬೇಕು?

ನಮ್ಮ ಕಡೆಯ ಯಾವುದೇ ಅಂಗಡಿಯಲ್ಲಿ ಕಾಫಿ ಪುಡಿಯ ಪೊಟ್ಟಣ ತೆಗೆದು ನೋಡಿ. ಚಿಕೋರಿ ಬೆರೆಸಿದ್ದರೆ ಕಾಫಿ ಶೇಕಡಾ ಎಷ್ಟು, ಚಿಕೋರಿ ಶೇಕಡಾ ಎಷ್ಟು ಎಂದು ಅದರ ಮೇಲೆ ಮುದ್ರಿಸಲೇಬೇಕು. ಚಿಕೋರಿ ಬೆರೆಸುವುದು ತಪ್ಪಲ್ಲ, ಆ ರುಚಿಯೇ ಬೇಕು ಎನ್ನುವವರು ಎಷ್ಟೋ ಮಂದಿ ಇದ್ದಾರೆ. ಆದರೆ ಕೊಳ್ಳುವವರಿಗೆ ಅದು ಮೊದಲೇ ತಿಳಿದಿರಬೇಕು, ಮನೆಗೆ ಹೋಗಿ ಡಿಕಾಕ್ಷನ್ ಇಳಿಸಿದ ಮೇಲಲ್ಲ.

ಹಣ ಪಡೆದು ಮಾಡಿದ ಹೊಗಳಿಕೆಯೂ ಹಾಗೆಯೇ. ಹಣ ಪಡೆಯುವುದು ಅಪರಾಧವಲ್ಲ, ಹಣ ಪಡೆದವರ ಮಾತೆಲ್ಲ ಸುಳ್ಳೂ ಅಲ್ಲ. ಆದರೆ ‘ನಾನು ದುಡ್ಡು ಕೊಟ್ಟು ಕೊಂಡೆ, ಇಷ್ಟವಾಯಿತು’ ಎಂಬ ಮಾತನ್ನು ನಾವು ಒಂದು ರೀತಿ ತೂಗುತ್ತೇವೆ, ‘ಕಂಪನಿ ಹಣ ಕೊಟ್ಟಿದೆ, ಇಷ್ಟವಾಯಿತು’ ಎಂಬ ಮಾತನ್ನು ಇನ್ನೊಂದು ರೀತಿ ತೂಗುತ್ತೇವೆ. ಯಾವ ರೀತಿ ತೂಗಬೇಕು ಎಂಬುದು ಹೊಗಳಿಕೆ ಕಿವಿಗೆ ಬೀಳುವ ಮೊದಲೇ ಗೊತ್ತಾಗಬೇಕು. ಮುಂದೆ ಬರುವ ನಿಯಮಗಳೆಲ್ಲ ಈ ಒಂದು ಮಾತಿನಿಂದಲೇ ಹುಟ್ಟಿದವು.

ನಿಯಮ ಎಲ್ಲಿಂದ ಬಂತು?

ಎರಡು ಕಡೆಯಿಂದ ಬಂತು. ಭಾರತೀಯ ಜಾಹೀರಾತು ಮಾನದಂಡ ಮಂಡಳಿ ಎಂಬುದು ಜಾಹೀರಾತು ಉದ್ಯಮವೇ 1985ರಲ್ಲಿ ಕಟ್ಟಿಕೊಂಡ ಸ್ವಯಂ ನಿಯಂತ್ರಣ ಸಂಸ್ಥೆ. ಅದು ಇನ್‌ಫ್ಲುಯೆನ್ಸರ್‌ಗಳಿಗಾಗಿ, ಅಂದರೆ ಜಾಲತಾಣಗಳಲ್ಲಿ ತಮ್ಮ ಮಾತಿನಿಂದ ಜನರ ಆಯ್ಕೆಯ ಮೇಲೆ ಪ್ರಭಾವ ಬೀರುವವರಿಗಾಗಿ ರೂಪಿಸಿದ ಮಾರ್ಗಸೂಚಿ 2021ರ ಜೂನ್ 14ರಿಂದ ಜಾರಿಗೆ ಬಂತು. ಇನ್ನೊಂದು ಸರ್ಕಾರದ್ದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ 2022ರ ಜೂನ್‌ನಲ್ಲಿ ದಾರಿ ತಪ್ಪಿಸುವ ಜಾಹೀರಾತು ತಡೆಯುವ ಮಾರ್ಗಸೂಚಿ ಬಂತು. ಅದನ್ನು ಇನ್‌ಫ್ಲುಯೆನ್ಸರ್‌ಗಳಿಗೆ ಅರ್ಥವಾಗುವಂತೆ ಬಿಡಿಸಿ ಹೇಳುವ ಕೈಪಿಡಿಯನ್ನು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಹೊರತಂದಿತು.

ಮಂಡಳಿಗೆ ದಂಡ ಹಾಕುವ ಅಧಿಕಾರವಿಲ್ಲ. ಅದು ದೂರು ಪರಿಶೀಲಿಸಿ ತಿದ್ದುವಂತೆ ಅಥವಾ ತೆಗೆದುಹಾಕುವಂತೆ ಹೇಳುತ್ತದೆ. ಕಾಯ್ದೆಯಡಿ ಬರುವ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಆ ಅಧಿಕಾರವಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಬಾರಿ 10 ಲಕ್ಷ ರೂಪಾಯಿವರೆಗೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ಪ್ರಚಾರ ಮಾಡಿದವರು ಒಂದು ವರ್ಷದವರೆಗೆ, ಮರುಕಳಿಸಿದರೆ ಮೂರು ವರ್ಷದವರೆಗೆ ಯಾವ ವಸ್ತುವಿನ ಪ್ರಚಾರವನ್ನೂ ಮಾಡದಂತೆ ತಡೆಯಬಹುದು. ಇವು ಗರಿಷ್ಠ ಮಿತಿಗಳು ಎಂಬುದು ನೆನಪಿರಲಿ.

‘ನನಗಿರುವುದು ಎಂಟು ಸಾವಿರ ಫಾಲೋವರ್‌ಗಳು, ನನಗೇಕೆ ಇದೆಲ್ಲ?’ ಎಂಬ ಪ್ರಶ್ನೆ ಸಹಜ. ಇಷ್ಟು ಫಾಲೋವರ್‌ಗಳಿಗಿಂತ ಕಡಿಮೆ ಇದ್ದರೆ ವಿನಾಯಿತಿ ಎಂದು ನಿಯಮದಲ್ಲಿ ಎಲ್ಲಿಯೂ ಇಲ್ಲ. ನಿಮ್ಮ ಮಾತಿನಿಂದ ಜನ ಕೊಳ್ಳುವ ನಿರ್ಧಾರ ಬದಲಾಗುವಂತಿದ್ದರೆ ನೀವು ಅದರ ವ್ಯಾಪ್ತಿಗೆ ಬರುತ್ತೀರಿ.

ಹಣ ಮಾತ್ರವೇ ಅಲ್ಲ

ಕಂಪನಿಗೂ ನಿಮಗೂ ಇರುವ, ನಿಮ್ಮ ಮಾತಿನ ತೂಕವನ್ನು ಬದಲಿಸಬಲ್ಲ ಯಾವ ಸಂಬಂಧವನ್ನಾದರೂ ಹೇಳಬೇಕು. ಬ್ಯಾಂಕ್ ಖಾತೆಗೆ ಬಂದ ಹಣ ಅದರಲ್ಲಿ ಒಂದು ಬಗೆ, ಅಷ್ಟೇ. ಉಚಿತವಾಗಿ ಕೊಟ್ಟ ವಾಚ್, ನೀವು ಕೇಳದೆಯೇ ಕೊರಿಯರ್‌ನಲ್ಲಿ ಬಂದ ಪವರ್‌ಬ್ಯಾಂಕ್, ಬಿಡುಗಡೆ ಸಮಾರಂಭಕ್ಕೆ ಹೋಗಿಬರುವ ಖರ್ಚು, ನಿಮಗೆ ಮಾತ್ರ ಸಿಕ್ಕ ರಿಯಾಯಿತಿ, ನೀವು ಕೊಟ್ಟ ಲಿಂಕ್‌ನಿಂದ ಯಾರಾದರೂ ಕೊಂಡಾಗ ಬರುವ ಕಮಿಷನ್ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಹಾಸನದಲ್ಲಿ ನಿಮ್ಮ ಅಣ್ಣನದೇ ಮೊಬೈಲ್ ಅಂಗಡಿ ಇದ್ದು, ಅಲ್ಲಿನ ಫೋನನ್ನು ನೀವು ಒಂದು ರೂಪಾಯಿ ಪಡೆಯದೆ ಹೊಗಳಿದರೂ ಆ ಸಂಬಂಧವನ್ನು ಹೇಳಬೇಕು. ನಿಮ್ಮ ಸ್ವಂತ ದುಡ್ಡಿನಲ್ಲಿ ಕೊಂಡ ವಸ್ತು ಇಷ್ಟವಾಗಿ, ಕಂಪನಿಯ ಜೊತೆ ಯಾವ ಸಂಬಂಧವೂ ಇಲ್ಲದೆ ಬರೆದರೆ ಮಾತ್ರ ಅದು ಜಾಹೀರಾತಲ್ಲ.

ಗ್ಯಾಜೆಟ್‌ಗಳ ವಿಷಯದಲ್ಲಿ ಇನ್ನೊಂದು ಬಗೆಯಿದೆ. ಕಂಪನಿ ಫೋನನ್ನು ಪರೀಕ್ಷೆಗೆಂದು ಕೆಲವು ದಿನ ಕೊಟ್ಟು ಹಿಂದಕ್ಕೆ ಪಡೆಯುತ್ತದೆ. ಅದನ್ನೂ ಹಾಗೆಯೇ ಹೇಳುವುದು ಒಳ್ಳೆಯದು: ‘ಪರೀಕ್ಷೆಗೆ ಕಂಪನಿ ಕೊಟ್ಟಿದೆ, ಹಿಂದಿರುಗಿಸುತ್ತೇನೆ, ಹಣ ಪಡೆದಿಲ್ಲ.’ ಹಿಂದಿರುಗಿಸುವುದಕ್ಕೂ ಇಟ್ಟುಕೊಳ್ಳುವುದಕ್ಕೂ ಆದಾಯ ತೆರಿಗೆಯಲ್ಲೂ ವ್ಯತ್ಯಾಸವಿದೆ. ಪ್ರಚಾರಕ್ಕೆಂದು ಕೊಟ್ಟ ವಸ್ತುವನ್ನು ಬಳಸಿ ಮರಳಿಸಿದರೆ ಅದನ್ನು ನೀವು ಪಡೆದ ಲಾಭವೆಂದು ಎಣಿಸುವುದಿಲ್ಲ, ಇಟ್ಟುಕೊಂಡರೆ ಎಣಿಸುತ್ತಾರೆ ಎಂದು ತೆರಿಗೆ ಮಂಡಳಿ 2022ರಲ್ಲಿಯೇ ಸ್ಪಷ್ಟಪಡಿಸಿದೆ. ‘ಪರೀಕ್ಷೆಗೆ ಕೊಟ್ಟದ್ದು’ ಎಂದು ಬರೆದು ವಸ್ತುವನ್ನು ಮನೆಯಲ್ಲೇ ಇಟ್ಟುಕೊಳ್ಳುವುದು ಎರಡು ಕಡೆಯೂ ತೊಂದರೆ.

ಕಂಪನಿ ಕಳುಹಿಸಿದ ಕ್ಯಾಪ್ಷನ್

ಈಗ ಉದಾಹರಣೆಗೆ ಬರೋಣ. ಚಿಕ್ಕಮಗಳೂರಿನ ಒಬ್ಬ ಯುವತಿ ಎಂದುಕೊಳ್ಳೋಣ. ಬೆಟ್ಟ, ತೋಟ, ಬಸ್ ಪ್ರಯಾಣದ ರೀಲ್‌ಗಳನ್ನು ಕನ್ನಡದಲ್ಲಿ ಮಾಡುತ್ತಾಳೆ. ಒಂದು ಕಂಪನಿ 3,499 ರೂಪಾಯಿ ಬೆಲೆಯ ಇಯರ್‌ಬಡ್ ಉಚಿತವಾಗಿ ಕೊಡುತ್ತದೆ, ರೀಲ್‌ಗೆ 5,000 ರೂಪಾಯಿ ಕೊಡುತ್ತದೆ, ಅವಳ ಹೆಸರಿನ ರಿಯಾಯಿತಿ ಕೋಡ್ ಬಳಸಿ ಯಾರಾದರೂ ಕೊಂಡರೆ ಕಮಿಷನ್ ಕೂಡ ಉಂಟು. ಜೊತೆಗೆ ಒಂದು ಸಿದ್ಧ ಕ್ಯಾಪ್ಷನ್ ಬರುತ್ತದೆ:

> ನಮಸ್ಕಾರ ನನ್ನ ಪ್ರೀತಿಯ ಗೆಳೆಯರೇ! ಮಲೆನಾಡಿನ ಮಳೆ, ಕೈಯಲ್ಲಿ ಬಿಸಿ ಕಾಫಿ, ಕಿವಿಯಲ್ಲಿ ಇಷ್ಟದ ಹಾಡು, ಇದಕ್ಕಿಂತ ಇನ್ನೇನು ಬೇಕು? ಇತ್ತೀಚೆಗೆ ನನಗೆ ತುಂಬಾ ಇಷ್ಟವಾದ ಇಯರ್‌ಬಡ್ ಇದು. 40 ಗಂಟೆ ಬ್ಯಾಟರಿ, ಪೂರ್ತಿ ವಾಟರ್‌ಪ್ರೂಫ್, ಹೊರಗಿನ ಸದ್ದು ಒಂದಿಷ್ಟೂ ಕೇಳುವುದಿಲ್ಲ! ಬೇಗ ಕೊಳ್ಳಿ, ನನ್ನ ಕೋಡ್ ಬಳಸಿ.
> #chikkamagaluru #malnad #music #rain #sp #coffee #travel

ಇದರಲ್ಲಿ ಜಾಹೀರಾತೆಂದು ಹೇಳುವ ಭಾಗ ಯಾವುದು? ಕೊನೆಯ ಸಾಲಿನ ಏಳು ಹ್ಯಾಷ್‌ಟ್ಯಾಗ್‌ಗಳ ನಡುವೆ ಸಿಕ್ಕಿಕೊಂಡ `#sp` ಮಾತ್ರ. ಅದು ‘ಪ್ರಾಯೋಜಿತ’ ಎನ್ನುವುದಕ್ಕೆ ಇಂಗ್ಲಿಷಿನ ಮೊಟಕು. ಕಡೂರಿನಲ್ಲೋ ಅರಸೀಕೆರೆಯಲ್ಲೋ ಕುಳಿತು ಇದನ್ನು ಓದುವ ಯಾರಿಗೆ ಅದು ಹೊಳೆಯುತ್ತದೆ?

ಅದು ಹೊಳೆಯುವವರಿಗೂ ಕಾಣಿಸುವುದಿಲ್ಲ. ಇನ್‌ಸ್ಟಾಗ್ರಾಂನಲ್ಲಿ ಕ್ಯಾಪ್ಷನ್ ಉದ್ದವಾದರೆ ಮೊದಲ ಸಾಲುಗಳಷ್ಟೇ ಕಾಣುತ್ತವೆ, ಉಳಿದದ್ದು `more` ಎಂಬುದರ ಹಿಂದೆ ಮಡಚಿಕೊಳ್ಳುತ್ತದೆ. ಪೂರ್ತಿ ಪರದೆಯಲ್ಲಿ ರೀಲ್ ನೋಡುವಾಗ ಇನ್ನೂ ಕಡಿಮೆ ಕಾಣುತ್ತದೆ. ವಯಸ್ಸಾದವರು ಫೋನಿನಲ್ಲಿ ಅಕ್ಷರದ ಗಾತ್ರ ಹಿಗ್ಗಿಸಿಕೊಂಡಿದ್ದರಂತೂ ‘ನಮಸ್ಕಾರ ನನ್ನ ಪ್ರೀತಿಯ ಗೆಳೆಯರೇ’ ಎಂಬಲ್ಲಿಗೇ ಸಾಲು ಮುಗಿದುಹೋಗುತ್ತದೆ. ರೀಲ್ ನೋಡುವ ಬಹಳಷ್ಟು ಜನ ಆ ಮಡಿಕೆಯನ್ನು ಬಿಚ್ಚುವುದೇ ಇಲ್ಲ.

ಮಂಡಳಿಯ ಮಾರ್ಗಸೂಚಿ ಇದನ್ನು ನೇರವಾಗಿ ಹೇಳುತ್ತದೆ. ಇದು ಜಾಹೀರಾತು ಎಂದು ತಿಳಿಸುವ ಘೋಷಣೆ ಮೊದಲ ಎರಡು ಸಾಲುಗಳೊಳಗೆ ಇರಬೇಕು, ಓದುಗರು ಏನನ್ನೂ ಒತ್ತದೆ, ಕೆಳಗೆ ಸರಿಸದೆ ಕಾಣಬೇಕು, ಹ್ಯಾಷ್‌ಟ್ಯಾಗ್‌ಗಳ ಅಥವಾ ಲಿಂಕ್‌ಗಳ ಗುಂಪಿನಲ್ಲಿ ಹೂತುಹೋಗಿರಬಾರದು. ನನ್ನನ್ನು ಕೇಳಿದರೆ ಎರಡನೆಯ ಸಾಲಿನ ತನಕವೂ ಕಾಯಬಾರದು, ಮೊದಲ ಪದವೇ ಅದಾಗಿರಲಿ. ನಮಸ್ಕಾರವನ್ನು ಆಮೇಲೆ ಹೇಳಿದರೂ ಯಾರೂ ಬೇಸರಿಸುವುದಿಲ್ಲ.

ಯಾವ ಪದ, ಯಾವ ಭಾಷೆ?

ಜಾಹೀರಾತು, ಪ್ರಾಯೋಜಿತ, ಸಹಯೋಗ, ಪಾಲುದಾರಿಕೆ, ಉಚಿತ ಉಡುಗೊರೆ ಎಂಬ ಅರ್ಥದ ಪದಗಳನ್ನು ಮಂಡಳಿ ಒಪ್ಪುತ್ತದೆ. ಸರ್ಕಾರದ ಕೈಪಿಡಿಯೂ ಹೆಚ್ಚುಕಡಿಮೆ ಇದೇ ಬಗೆಯ ಪದಗಳನ್ನು ಸೂಚಿಸಿ, ಸರಳವಾಗಿ, ಸ್ಪಷ್ಟವಾಗಿ ಇರಲಿ ಎನ್ನುತ್ತದೆ. ಕಂಪನಿಯ ಖಾತೆಯನ್ನು ಟ್ಯಾಗ್ ಮಾಡಿ ‘ಧನ್ಯವಾದ’ ಎನ್ನುವುದು ಘೋಷಣೆಯಾಗುವುದಿಲ್ಲ. ಏಕೆ ಧನ್ಯವಾದ ಎಂದು ಓದುಗರಿಗೆ ತಿಳಿಯುವುದಿಲ್ಲವಲ್ಲ.

ಹೊಗಳಿಕೆ ಯಾವ ಭಾಷೆಯಲ್ಲಿದೆಯೋ ಘೋಷಣೆಯೂ ಅದೇ ಭಾಷೆಯಲ್ಲಿ ಇರಬೇಕು ಎಂದು ಸರ್ಕಾರದ ಕೈಪಿಡಿ ಹೇಳುತ್ತದೆ. ನಮ್ಮ ಕಡೆಯವರಿಗೆ ಇದು ಬಹಳ ಮುಖ್ಯ. ಎರಡು ನಿಮಿಷ ಅಚ್ಚ ಕನ್ನಡದಲ್ಲಿ ಮಾತನಾಡಿ, ಮುಚ್ಚಿಡಬಾರದ ಒಂದು ಮಾತನ್ನು ಮಾತ್ರ ಇಂಗ್ಲಿಷಿನಲ್ಲಿ ಹಾಕಿದರೆ ಅದು ಓದುಗರಿಗೆ ತಲುಪಿದಂತಾಗುವುದಿಲ್ಲ. ‘ಜಾಹೀರಾತು’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಆ ಪದ ಹಾಕಿದರೆ ಜನ ನೋಡುವುದಿಲ್ಲ ಎಂಬ ಹೆದರಿಕೆಯಿಂದ ಕೆಲವರು ಮೆತ್ತಗಿನ ಪದ ಹುಡುಕುತ್ತಾರೆ. ಆದರೆ ಜಾಹೀರಾತೆಂದು ಗೊತ್ತಾದರೆ ಓದುಗರು ಬೇರೆ ರೀತಿ ನಡೆದುಕೊಳ್ಳುತ್ತಾರೆ ಎನ್ನುವುದೇ ಆ ಹೆದರಿಕೆಯ ಅರ್ಥ. ಹಾಗಿದ್ದ ಮೇಲೆ ಅದನ್ನು ಅವರಿಗೆ ಹೇಳಲೇಬೇಕು.

ಎಷ್ಟು ಹಣ ಎಂದು ಹೇಳಬೇಕಾಗಿಲ್ಲ. ಏನು ಪಡೆದಿರಿ ಎಂಬುದರ ಬಗೆ ತಿಳಿದರೆ ಸಾಕು.

ಆ್ಯಪ್‌ನ ಗುಂಡಿ ಒತ್ತಿದರೆ ಸಾಲದೇ?

ಇನ್‌ಸ್ಟಾಗ್ರಾಂನಲ್ಲಿ ಪೋಸ್ಟ್ ಹಾಕುವಾಗ `Paid partnership` ಎಂಬ ಗುರುತನ್ನು ಸೇರಿಸುವ ಆಯ್ಕೆ ಇದೆ. ಅದನ್ನು ಒತ್ತಿದರೆ ಖಾತೆಯ ಹೆಸರಿನ ಬಳಿ ಆ ಗುರುತು ಕಾಣಿಸಿಕೊಳ್ಳುತ್ತದೆ. ಯೂಟ್ಯೂಬ್‌ನಲ್ಲೂ ಇಂಥದೇ ಒಂದು ಆಯ್ಕೆಯಿದ್ದು, ವಿಡಿಯೊ ಶುರುವಾದಾಗ ಹತ್ತು ಸೆಕೆಂಡ್ ಒಂದು ಸೂಚನೆ ಮೂಡಿ ಮರೆಯಾಗುತ್ತದೆ. ಇವನ್ನು ಒತ್ತಲೇಬೇಕು. ಆದರೆ ಮಂಡಳಿಯ ಪ್ರಕಾರ ಇದು ನಿಮ್ಮ ಸ್ವಂತ ಘೋಷಣೆಯ ಜೊತೆಗೆ ಇರಬೇಕಾದದ್ದು, ಅದರ ಬದಲಿಗೆ ಅಲ್ಲ. ಗುರುತು ಚಿಕ್ಕದು, ಇಂಗ್ಲಿಷಿನಲ್ಲಿರುವ ಸಾಧ್ಯತೆ ಹೆಚ್ಚು, ಏನು ಪಡೆದಿರಿ ಎಂಬುದನ್ನೂ ಅದು ಹೇಳುವುದಿಲ್ಲ.

ಕ್ಯಾಪ್ಷನ್‌ಗೂ ಒಂದು ಮಿತಿಯಿದೆ. ನಮ್ಮೂರಲ್ಲಿ ರೀಲ್‌ಗಳು ಇನ್‌ಸ್ಟಾಗ್ರಾಂನಲ್ಲೇ ನಿಲ್ಲುವುದಿಲ್ಲ. ಯಾರೋ ಇಳಿಸಿಕೊಂಡು ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ, ಇನ್ನೊಬ್ಬರು ಸ್ಟೇಟಸ್‌ಗೆ ಹಾಕುತ್ತಾರೆ. ಆಗ ವಿಡಿಯೊ ಮಾತ್ರ ಹೋಗುತ್ತದೆ, ಕ್ಯಾಪ್ಷನ್ ಹಿಂದೆಯೇ ಉಳಿಯುತ್ತದೆ. ವಿಡಿಯೊದ ಮೇಲೆಯೇ ‘ಜಾಹೀರಾತು’ ಎಂದು ಬರೆದಿದ್ದರೆ ಅದು ಜೊತೆಗೇ ಹೋಗುತ್ತದೆ. ವಿವರಣೆಯಲ್ಲಿ ಬರೆದರೆ ಸಾಲದು, ವಿಡಿಯೊದಲ್ಲೂ ಇರಬೇಕು ಎಂದು ಕೈಪಿಡಿ ಹೇಳುವುದು ಇದಕ್ಕೇ. ಎಷ್ಟು ಹೊತ್ತು ಎಂಬುದಕ್ಕೆ ಮಂಡಳಿಯ ಅಳತೆಯಿದೆ: 15 ಸೆಕೆಂಡ್ ಅಥವಾ ಅದಕ್ಕಿಂತ ಚಿಕ್ಕ ವಿಡಿಯೊದಲ್ಲಿ ಕನಿಷ್ಠ 3 ಸೆಕೆಂಡ್, ಅದಕ್ಕಿಂತ ದೊಡ್ಡದಾಗಿ ಎರಡು ನಿಮಿಷಕ್ಕಿಂತ ಕಡಿಮೆಯಿದ್ದರೆ ಒಟ್ಟು ಅವಧಿಯ ಮೂರನೇ ಒಂದು ಭಾಗ. ನಮ್ಮ ಉದಾಹರಣೆಯ ರೀಲ್ 45 ಸೆಕೆಂಡ್ ಇದ್ದರೆ 15 ಸೆಕೆಂಡ್ ಆ ಪದ ಪರದೆಯ ಮೇಲಿರಬೇಕು.

ಘೋಷಣೆ ಹಾಕಿದರೆ ಏನು ಬೇಕಾದರೂ ಹೇಳಬಹುದೇ?

ಖಂಡಿತ ಇಲ್ಲ. ‘ಜಾಹೀರಾತು’ ಎಂದು ಬರೆದ ಮಾತ್ರಕ್ಕೆ ಸುಳ್ಳು ನಿಜವಾಗುವುದಿಲ್ಲ. ಪ್ರಚಾರ ಮಾಡುವವರ ಮಾತು ಅವರ ನಿಜವಾದ ಅಭಿಪ್ರಾಯವಾಗಿರಬೇಕು, ವಸ್ತುವಿನ ಬಗ್ಗೆ ಸಾಕಷ್ಟು ಮಾಹಿತಿ ಅಥವಾ ಅನುಭವದ ಮೇಲೆ ನಿಂತಿರಬೇಕು ಎಂದು 2022ರ ಮಾರ್ಗಸೂಚಿ ಹೇಳುತ್ತದೆ. ಹೇಳಿಕೆ ನಿಜವೇ ಎಂದು ತಕ್ಕ ಎಚ್ಚರದಿಂದ ಪರಿಶೀಲಿಸಿದ್ದವರಿಗೆ ದಂಡದಿಂದ ರಕ್ಷಣೆಯೂ ಕಾಯ್ದೆಯಲ್ಲಿದೆ. ಆದ್ದರಿಂದ ಕಂಪನಿ ಬರೆದುಕೊಟ್ಟ ಮೂರು ಹೇಳಿಕೆಗಳನ್ನು ಒಂದೊಂದಾಗಿ ನೋಡಬೇಕು.

‘40 ಗಂಟೆ ಬ್ಯಾಟರಿ’. ಇಂಥ ಇಯರ್‌ಬಡ್‌ನ ಪೆಟ್ಟಿಗೆಯ ಹಿಂದಿನ ಸಣ್ಣ ಅಕ್ಷರ ಓದಿದರೆ ಲೆಕ್ಕ ಹೀಗಿರುತ್ತದೆ: ಕಿವಿಯಲ್ಲಿ ಒಮ್ಮೆಗೆ 8 ಗಂಟೆ, ಆಮೇಲೆ ಅದರ ಡಬ್ಬಿಯಲ್ಲಿಟ್ಟು ನಾಲ್ಕು ಸಲ ಮತ್ತೆ ಚಾರ್ಜ್ ಮಾಡಿಕೊಂಡರೆ ಒಟ್ಟು 40. ಅದೂ ಅರ್ಧ ವಾಲ್ಯೂಮ್‌ನಲ್ಲಿ, ಸದ್ದು ತಗ್ಗಿಸುವ ಸೌಲಭ್ಯವನ್ನು ಆರಿಸಿಟ್ಟಾಗ. ಆ ಸೌಲಭ್ಯ ಚಾಲೂ ಇದ್ದರೆ ಅವಧಿ ಇಳಿಯುತ್ತದೆ. ಹಾಗಾಗಿ ಅವಳು ಒಂದು ದಿನ ಪೂರ್ತಿ ಚಾರ್ಜ್ ಮಾಡಿ, ಸೌಲಭ್ಯ ಚಾಲೂ ಇಟ್ಟು, ತಾನು ಸಾಮಾನ್ಯವಾಗಿ ಕೇಳುವ ವಾಲ್ಯೂಮ್‌ನಲ್ಲಿ ಹಾಡು ಹಾಕಿ, ಆರಂಭದ ಹೊತ್ತನ್ನೂ ಆರಿಹೋದ ಹೊತ್ತನ್ನೂ ಬರೆದುಕೊಳ್ಳಬೇಕು. ಕ್ಯಾಪ್ಷನ್‌ಗೆ ಹೋಗಬೇಕಾದದ್ದು ಆ ಅಂಕಿ.

‘ಪೂರ್ತಿ ವಾಟರ್‌ಪ್ರೂಫ್’. ಪೆಟ್ಟಿಗೆಯ ಮೇಲೆ `IPX4` ಎಂದಿದೆ ಎಂದುಕೊಳ್ಳಿ. ಕೊನೆಯ ಅಂಕಿ ನೀರಿನಿಂದ ಎಷ್ಟು ರಕ್ಷಣೆ ಎಂಬುದನ್ನು ಹೇಳುತ್ತದೆ. 4 ಎಂದರೆ ಎಲ್ಲ ದಿಕ್ಕಿನಿಂದ ಬರುವ ನೀರಿನ ಸಿಡಿತವನ್ನು ತಡೆಯುತ್ತದೆ ಎಂದಷ್ಟೇ, ಮುಳುಗಿದರೆ ತಡೆಯುತ್ತದೆ ಎಂದಲ್ಲ. ಬೆವರು, ತುಂತುರು ಸರಿ. ಜುಲೈ ತಿಂಗಳ ಮೂಡಿಗೆರೆಯ ಮಳೆಯಲ್ಲಿ ಕೊಡೆಯಿಲ್ಲದೆ ಗಂಟೆಗಟ್ಟಲೆ ನಡೆದರೆ ಆ ಅಂಕಿ ಯಾವ ಭರವಸೆಯನ್ನೂ ಕೊಡುವುದಿಲ್ಲ. ಎಷ್ಟೋ ಇಯರ್‌ಬಡ್‌ಗಳಲ್ಲಿ ಈ ರಕ್ಷಣೆ ಕಿವಿಯಲ್ಲಿಡುವ ತುಂಡಿಗೆ ಮಾತ್ರ, ಚಾರ್ಜ್ ಮಾಡುವ ಡಬ್ಬಿಗೆ ಇರುವುದಿಲ್ಲ. ಇದನ್ನು ಹೇಳದೆ ‘ವಾಟರ್‌ಪ್ರೂಫ್’ ಎಂದು ನಂಬಿಸಿದರೆ ನಮ್ಮ ಮಳೆಯ ಊರಲ್ಲಿ ಮೂರೂವರೆ ಸಾವಿರ ರೂಪಾಯಿ ನೀರಿಗೆ ಹೋಗುತ್ತದೆ, ನಂಬಿ ಕೊಂಡವರದು.

‘ಸದ್ದು ಒಂದಿಷ್ಟೂ ಕೇಳುವುದಿಲ್ಲ’ ಎಂಬುದನ್ನು ಚಾರ್ಮಾಡಿ ಘಾಟಿಯ ಬಸ್ಸಿನಲ್ಲಿ ಕುಳಿತು ನೋಡಬಹುದು. ಎಂಜಿನ್ನಿನ ಒಂದೇ ಸಮನೆ ಗುಂಯ್‌ಗುಡುವ ಸದ್ದು ಬಹಳ ತಗ್ಗುತ್ತದೆ. ಕಂಡಕ್ಟರ್ ಕೂಗುವುದು, ಹಾರ್ನ್ ಹೊಡೆಯುವುದು ಕೇಳುತ್ತಲೇ ಇರುತ್ತದೆ. ಈ ತಂತ್ರಜ್ಞಾನ ನಿರಂತರವಾದ ತಗ್ಗು ಸದ್ದಿಗೆ ಚೆನ್ನಾಗಿ ಒದಗುತ್ತದೆ, ಥಟ್ಟನೆ ಏಳುವ ಸದ್ದಿಗೆ ಮತ್ತು ಮಾತಿಗೆ ಅಷ್ಟಾಗಿ ಒದಗುವುದಿಲ್ಲ.

ತಿದ್ದಿದ ಕ್ಯಾಪ್ಷನ್

ಅವಳು ಹೀಗೆ ಬರೆಯಬಹುದು. ಅಂಕಿಗಳು ಅವಳ ಪರೀಕ್ಷೆಯಲ್ಲಿ ಬಂದವು ಎಂದುಕೊಳ್ಳಿ:

> ಜಾಹೀರಾತು: ಈ ಕಂಪನಿ ನನಗೆ ಹಣ ಮತ್ತು ಇಯರ್‌ಬಡ್ ಕೊಟ್ಟಿದೆ.
> ನನ್ನ ಕೋಡ್ ಬಳಸಿ ಕೊಂಡರೆ ನನಗೆ ಕಮಿಷನ್ ಬರುತ್ತದೆ.
>
> ಚಾರ್ಮಾಡಿ ಬಸ್ಸಿನಲ್ಲಿ ಎಂಜಿನ್ ಸದ್ದು ಚೆನ್ನಾಗಿ ತಗ್ಗಿತು, ಜನರ ಮಾತು ಕೇಳುತ್ತಿತ್ತು. ಸದ್ದು ತಗ್ಗಿಸುವ ಸೌಲಭ್ಯ ಹಾಕಿಕೊಂಡೇ ಕೇಳಿದಾಗ ಒಮ್ಮೆ ಚಾರ್ಜ್ ಮಾಡಿದ್ದು ಐದೂವರೆ ಗಂಟೆ ಬಂತು. ತುಂತುರು ಮಳೆಗೆ ತೊಂದರೆಯಿಲ್ಲ, ಜೋರು ಮಳೆಗೆ ಅಲ್ಲ. ಡಬ್ಬಿಯನ್ನು ಒದ್ದೆ ಮಾಡಬೇಡಿ.

ಇಲ್ಲಿ ಮೊದಲ ಪದ ಓದಿದ ಕೂಡಲೇ ವಿಷಯ ಗೊತ್ತಾಗುತ್ತದೆ. ಎರಡನೆಯ ಸಾಲು ಮಡಚಿಹೋದರೂ ಮುಖ್ಯವಾದದ್ದು ಉಳಿಯುತ್ತದೆ. ಪೋಸ್ಟ್ ಹಾಕಿದ ಕೂಡಲೇ ಅಮ್ಮನದೋ ಅಜ್ಜನದೋ ಫೋನಿನಲ್ಲಿ, ಅಂದರೆ ದೊಡ್ಡ ಅಕ್ಷರವಿಟ್ಟುಕೊಂಡ ಬೇರೆ ಫೋನಿನಲ್ಲಿ ತೆರೆದು, ಏನನ್ನೂ ಒತ್ತದೆ ‘ಜಾಹೀರಾತು’ ಕಾಣುತ್ತದೆಯೇ ಎಂದು ನೋಡಿಕೊಳ್ಳಬೇಕು. ಘೋಷಣೆ ಮರೆತು ಮಾರನೆಯ ದಿನ ಸೇರಿಸಿದರೆ, ಅಷ್ಟರಲ್ಲಿ ನೋಡಿ ಮುಗಿಸಿದವರಿಗೆ ಅದು ತಲುಪುವುದೇ ಇಲ್ಲ.

ಕಂಪನಿ ಒಪ್ಪದಿದ್ದರೆ? ‘ಆ ಪದ ಕೊನೆಯಲ್ಲಿ ಹಾಕಿ, ಮೇಲೆ ಬೇಡ’ ಎಂಬ ಸಂದೇಶ ಬರುವುದುಂಟು. ಅದಕ್ಕೆ ಉತ್ತರ ಚಿಕ್ಕದು: ‘ನಿಯಮದ ಪ್ರಕಾರ ಮೊದಲ ಎರಡು ಸಾಲಿನಲ್ಲಿ ಇರಬೇಕು. ಇಲ್ಲದಿದ್ದರೆ ನನ್ನ ಜೊತೆ ನೀವೂ ಹೊಣೆಯಾಗುತ್ತೀರಿ.’ ಇದು ಬರಿಯ ಬೆದರಿಕೆಯಲ್ಲ, ಹೊಣೆ ನಿಜವಾಗಿಯೂ ಇಬ್ಬರದು. ಹಣದ ಮಾತು ಮುಗಿಯುವ ಮೊದಲೇ, ಬರಹದಲ್ಲಿ ಈ ಷರತ್ತು ಹಾಕಿಬಿಟ್ಟರೆ ಕೊನೆಗಳಿಗೆಯ ಜಗ್ಗಾಟ ಇರುವುದಿಲ್ಲ.

ನೋಡುವವರು ಗುರುತಿಸುವುದು ಹೇಗೆ?

ಘೋಷಣೆಯಿಲ್ಲದ ಜಾಹೀರಾತಿಗೂ ಕೆಲವು ಸುಳಿವುಗಳಿರುತ್ತವೆ. ಹೇಳುವವರ ಹೆಸರೇ ಇರುವ ರಿಯಾಯಿತಿ ಕೋಡ್ ಇದ್ದರೆ ಕಂಪನಿಯ ಜೊತೆ ಒಪ್ಪಂದ ಇದ್ದೇ ಇರುತ್ತದೆ. ಒಂದೇ ವಾರದಲ್ಲಿ ನಾಲ್ಕಾರು ಖಾತೆಗಳು ಅದೇ ವಸ್ತುವನ್ನು ಹೆಚ್ಚುಕಡಿಮೆ ಅದೇ ವಾಕ್ಯಗಳಲ್ಲಿ ಹೊಗಳಿದರೆ ಆ ವಾಕ್ಯಗಳು ಒಂದೇ ಕಡೆಯಿಂದ ಬಂದಿರಬಹುದು. ಮಾರಾಟ ಶುರುವಾಗುವ ಮೊದಲೇ ವಸ್ತು ಅವರ ಕೈಯಲ್ಲಿದ್ದರೆ ಅದನ್ನು ಅಂಗಡಿಯಿಂದ ಕೊಂಡಿರಲಾರರು. ಇವು ಅನುಮಾನಕ್ಕೆ ಕಾರಣಗಳು, ಪುರಾವೆಯಲ್ಲ. ಮೊದಲು ಕಮೆಂಟ್‌ನಲ್ಲಿ ‘ಇದು ಜಾಹೀರಾತೇ?’ ಎಂದು ಕೇಳಬಹುದು. ಎಷ್ಟೋ ಜನಕ್ಕೆ ನಿಯಮವೇ ಗೊತ್ತಿರುವುದಿಲ್ಲ, ಕೇಳಿದರೆ ತಿದ್ದಿಕೊಳ್ಳುತ್ತಾರೆ.

ತಿದ್ದಿಕೊಳ್ಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು, ಮಾನದಂಡ ಮಂಡಳಿಯ ಜಾಲತಾಣದಲ್ಲೂ ದೂರು ಕೊಡಬಹುದು. ಅದಕ್ಕೆ ಮೊದಲು ಪೋಸ್ಟ್‌ನ ಲಿಂಕ್ ಉಳಿಸಿಕೊಳ್ಳಿ. ಖಾತೆಯ ಹೆಸರು, ದಿನಾಂಕ, ಕ್ಯಾಪ್ಷನ್‌ನ ಮೊದಲ ಸಾಲುಗಳು ಒಟ್ಟಿಗೆ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಕ್ಯಾಪ್ಷನ್ ಅನ್ನು ಯಾವಾಗ ಬೇಕಾದರೂ ತಿದ್ದಬಹುದು, ಮೊದಲು ಹೇಗಿತ್ತು ಎಂಬುದಕ್ಕೆ ನಿಮ್ಮ ಬಳಿ ಉಳಿಯುವುದು ಆ ಚಿತ್ರ ಮಾತ್ರ.